ಮುಳುಗಡೆಯವನ ಕೈಯಲ್ಲಿ ಆಲಮಟ್ಟಿಯ ಅಂಕಪಟ್ಟಿ: ಶಾಲಾ ಚರ್ಚಾ ಸ್ಪರ್ಧೆಗೆ ನಿರ್ಣಾಯಕರಾಗುವವರಿಗೆ

ಹಳೆ ಬಾಗಲಕೋಟೆಯಲ್ಲಿ ನಮ್ಮ ಮನೆಯಿದ್ದ ಓಣಿ ಈಗ ಘಟಪ್ರಭೆಯ ಹಿನ್ನೀರಿನ ಕೆಳಗಿದೆ. ನಾವು ನವನಗರಕ್ಕೆ ಬಂದೆವು, ನಾನು ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದೆ. ಈಗ ವರ್ಷಕ್ಕೆ ನಾಲ್ಕೈದು ಸಲ ಶಾಲೆಗಳಿಗೆ ಚರ್ಚಾ ಸ್ಪರ್ಧೆಯ ನಿರ್ಣಾಯಕನಾಗಿ ಹೋಗುತ್ತೇನೆ. ಕಳೆದ ಚಳಿಗಾಲದಲ್ಲಿ ಒಂದು ಪ್ರೌಢಶಾಲೆಗೆ ಹೋದಾಗ ಕಪ್ಪು ಹಲಗೆಯ ಮೇಲೆ ಬರೆದಿದ್ದ ವಿಷಯ ಇದು: ‘ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 524.256 ಮೀಟರಿಗೆ ಏರಿಸಬೇಕು.’

ಸದ್ಯ ಅಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಏರಿಸಿದರೆ ಬಾಗಲಕೋಟೆಯ ಇನ್ನಷ್ಟು ಭಾಗ ಮುಳುಗುತ್ತದೆ. ಈ ವಿಷಯದಲ್ಲಿ ನನಗೆ ಅಭಿಪ್ರಾಯವಿಲ್ಲ ಎಂದರೆ ನಮ್ಮ ಮನೆಯವರೇ ನಕ್ಕಾರು. ಹಾಗಾದರೆ ಆ ಕುರ್ಚಿಯಲ್ಲಿ ಕೂರಲು ನನಗೆ ಅರ್ಹತೆ ಇತ್ತೇ? ಇತ್ತು ಎಂದೇ ನನ್ನ ಉತ್ತರ. ಅಭಿಪ್ರಾಯವೇ ಇಲ್ಲದ ನಿರ್ಣಾಯಕನನ್ನು ಹುಡುಕುತ್ತ ಹೋದರೆ ವಿಷಯವೇ ತಿಳಿಯದವನು ಸಿಗುತ್ತಾನೆ. ಅಭಿಪ್ರಾಯ ಅಂಕಪಟ್ಟಿಯೊಳಕ್ಕೆ ನುಸುಳದಂತೆ ತಡೆಯಬೇಕು, ಅಷ್ಟೇ. ತಡೆಯುವ ಕೆಲಸ ಮನಸ್ಸಿನ ಗಟ್ಟಿತನಕ್ಕಿಂತ ಹೆಚ್ಚಾಗಿ ಕಾಗದದ ಮೇಲೆ ಆಗುತ್ತದೆ. ಅದನ್ನು ಹೇಗೆ ಮಾಡುತ್ತೇನೆ ಎಂಬುದನ್ನು ಅದೇ ಸ್ಪರ್ಧೆಯನ್ನು ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಸಂಘಟಕರ ಜೊತೆ ಐದು ನಿಮಿಷ

ನಮ್ಮ ಕಡೆಯ ಬಹಳಷ್ಟು ಚರ್ಚಾ ಸ್ಪರ್ಧೆಗಳು ಹೆಸರಿಗೆ ಮಾತ್ರ ಚರ್ಚೆ. ಪರ ಮಾತನಾಡುವ ಮಗು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ ಕೂರುತ್ತದೆ, ವಿರೋಧದ ಮಗು ತನ್ನ ಪಾಠ ಒಪ್ಪಿಸುತ್ತದೆ. ಒಬ್ಬರ ಮಾತು ಇನ್ನೊಬ್ಬರ ಮಾತನ್ನು ಮುಟ್ಟುವುದೇ ಇಲ್ಲ. ಅದು ಎರಡು ಭಾಷಣ. ಅಲ್ಲಿ ಖಂಡನೆಗೆ ಅಂಕ ಹಾಕಿ ಎಂದರೆ ನಿರ್ಣಾಯಕ ಯಾವುದಕ್ಕೆ ಹಾಕಬೇಕು? ಆದ್ದರಿಂದ ನಾನು ಮೊದಲೇ ಕೇಳುವುದು ಒಂದು ಮರುಮಾತಿನ ಸುತ್ತು. ಮೊದಲ ಮಾತಿಗೆ ನಾಲ್ಕು ನಿಮಿಷ, ಮರುಮಾತಿಗೆ ಎರಡು ನಿಮಿಷ. ಮೊದಲ ಸುತ್ತಿನಲ್ಲಿ ಪರದವರು ಮೊದಲು ಮಾತನಾಡುವುದರಿಂದ ಮರುಮಾತಿನಲ್ಲಿ ವಿರೋಧದವರು ಮೊದಲು, ಪರದವರು ಕೊನೆಗೆ. ಹೀಗೆ ಮಾಡದಿದ್ದರೆ ಮೊದಲು ನಿಂತ ಮಗುವಿಗೆ ಎದುರಾಳಿಯನ್ನು ಖಂಡಿಸುವ ಅವಕಾಶವೇ ಇರುವುದಿಲ್ಲ.

ಪರ, ವಿರೋಧ ಯಾರಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು, ಮತ್ತು ಅದು ಸಭಿಕರಿಗೂ ತಿಳಿದಿರಬೇಕು. ಇಲ್ಲದಿದ್ದರೆ ಮಗು ಆಡಿದ ಮಾತನ್ನು ಮಗುವಿನ ಮನೆಯವರ ಮಾತೆಂದು ತಿಳಿಯುವವರಿರುತ್ತಾರೆ. ಆ ದಿನ ಏರಿಸಬೇಕು ಎಂಬ ಚೀಟಿ ಬಂದದ್ದು ಮುಳುಗಡೆ ಪಟ್ಟಿಯಲ್ಲಿರುವ ಊರಿನ ಹುಡುಗಿಗೆ.

ಅಂಕದ ಹಂಚಿಕೆಯನ್ನೂ ಆಗಲೇ ಗಟ್ಟಿ ಮಾಡಿಕೊಳ್ಳಿ. ನಾನು ಬಳಸುವುದು ವಾದಕ್ಕೆ 40, ಖಂಡನೆಗೆ 30, ಆಧಾರಕ್ಕೆ 20, ಭಾಷೆ ಮತ್ತು ಮಂಡನೆಗೆ 10. ಇದು ನನ್ನ ಲೆಕ್ಕ, ಎಲ್ಲೆಡೆ ಹೀಗೇ ಇಲ್ಲ. ಶಾಲಾ ಮಕ್ಕಳ ವಿಶ್ವ ಚರ್ಚಾ ಸ್ಪರ್ಧೆಯಲ್ಲಿ ವಿಚಾರಕ್ಕೆ 40, ಶೈಲಿಗೆ 40, ತಂತ್ರಕ್ಕೆ 20 ಇರುತ್ತದೆ. ಶೈಲಿಗೆ ಅಷ್ಟು ಕೊಟ್ಟರೆ ನಮ್ಮಲ್ಲಿ ಗಂಟಲು ಗೆಲ್ಲುತ್ತದೆ ಎಂಬ ಭಯಕ್ಕೆ ನಾನು 10ಕ್ಕೆ ಇಳಿಸಿದ್ದೇನೆ. ಆ ಹತ್ತರಲ್ಲೂ ಊರ ಮಾತಿಗೆ ಅಂಕ ಕಡಿಯುವುದಿಲ್ಲ. ಬೆಳಗಾವಿ ಕಡೆಯ ಮರಾಠಿ ಮನೆಮಾತಿನ ಮಗು ಕನ್ನಡದಲ್ಲಿ ವಾದಿಸುವಾಗ ಉಚ್ಚಾರ ಸ್ವಲ್ಪ ಜಾರಿದರೆ ಜಾರಲಿ, ಹೇಳಿದ್ದು ತಿಳಿಯಿತೇ ಎಂಬುದಷ್ಟೇ ಪ್ರಶ್ನೆ.

ನಿಮ್ಮ ಒಲವನ್ನು ಮೊದಲು ನೀವೇ ಓದಿಕೊಳ್ಳಿ

ವಿಷಯ ತಿಳಿದ ಕೂಡಲೇ ಹಾಳೆಯ ಹಿಂಬದಿಯಲ್ಲಿ ಎರಡು ಸಾಲು ಬರೆಯುತ್ತೇನೆ. ಒಂದು, ನನ್ನ ಅಭಿಪ್ರಾಯ. ಇನ್ನೊಂದು, ನನಗೆ ಒಪ್ಪಿಗೆಯಾಗದ ಪಕ್ಷದ ಅತ್ಯಂತ ಬಲವಾದ ವಾದ. ಆ ದಿನ ಬರೆದದ್ದು ಹೀಗಿತ್ತು: ‘ನನಗೆ ಏರಿಸುವುದು ಬೇಡ. ಏರಿಸಬೇಕು ಎನ್ನುವವರ ಗಟ್ಟಿ ಮಾತು: ನ್ಯಾಯಮಂಡಳಿ ಕೊಟ್ಟ ಪಾಲಿನ ನೀರನ್ನು ನಿಲ್ಲಿಸಿಕೊಳ್ಳಲು ಬೇರೆ ಜಾಗವಿಲ್ಲ.’ ಎರಡನೆಯ ಸಾಲು ಬರೆಯಲು ಆಗದಿದ್ದರೆ ಆ ವಿಷಯಕ್ಕೆ ಅಂಕ ಹಾಕಲು ನೀವು ಸಿದ್ಧರಿಲ್ಲ ಎಂದೇ ಅರ್ಥ. ಗಡಿ ವಿಷಯಕ್ಕೆ ಬೆಳಗಾವಿಯಲ್ಲಿ, ನೀರಿನ ವಿಷಯಕ್ಕೆ ನಮ್ಮಲ್ಲಿ ಇದು ನಿಜಕ್ಕೂ ಕಷ್ಟವಾಗುತ್ತದೆ.

ಇದರ ಇನ್ನೊಂದು ಮಗ್ಗುಲೂ ಇದೆ. ಪಕ್ಷಪಾತ ಮಾಡಿಬಿಟ್ಟೇನು ಎಂಬ ಹೆದರಿಕೆಯಿಂದ ಎದುರು ಪಕ್ಷಕ್ಕೆ ಎರಡು ಅಂಕ ಹೆಚ್ಚು ಹಾಕುವ ನಿರ್ಣಾಯಕರನ್ನು ನೋಡಿದ್ದೇನೆ. ತಕ್ಕಡಿಯ ಮೇಲೆ ಬೆರಳಿಡುವುದು ಯಾವ ತಟ್ಟೆಗಾದರೂ ಬೆರಳಿಟ್ಟಂತೆಯೇ.

ನಾಲ್ಕು ಕಂಬಗಳ ಹಾಳೆ

ದೊಡ್ಡ ಹಾಳೆಯನ್ನು ಅಡ್ಡಲಾಗಿ ಇಟ್ಟು ನಾಲ್ಕು ಕಂಬ ಎಳೆಯಿರಿ: ಪರದ ಮೊದಲ ಮಾತು, ವಿರೋಧದ ಮೊದಲ ಮಾತು, ವಿರೋಧದ ಮರುಮಾತು, ಪರದ ಮರುಮಾತು. ಪರಕ್ಕೆ ನೀಲಿ ಪೆನ್ನು, ವಿರೋಧಕ್ಕೆ ಕೆಂಪು. ಮಗು ಹೇಳಿದ ಪ್ರತಿ ಅಂಶವನ್ನು ಮೂರು ನಾಲ್ಕು ಪದಗಳಲ್ಲಿ ಬರೆದು, ಆಧಾರ ಕೊಟ್ಟಿದ್ದರೆ ಪಕ್ಕದಲ್ಲಿ ‘ಆ’ ಎಂದು ಗುರುತು ಹಾಕಿ. ಎದುರಾಳಿ ಆ ಅಂಶಕ್ಕೆ ಉತ್ತರ ಕೊಟ್ಟಾಗ ಅದೇ ಸಾಲಿನಲ್ಲಿ ಬರೆದು ಬಾಣ ಎಳೆಯಿರಿ. ಕೊನೆಗೆ ಬಾಣ ಬಾರದೆ ಉಳಿದ ಅಂಶಗಳಿಗೆ ಸುತ್ತು ಹಾಕಿ.

ಈ ಹಾಳೆಯ ನಿಯಮ ಒಂದೇ: ಸಭೆಯಲ್ಲಿ ಕೇಳಿಸದ್ದು ಅದರ ಮೇಲೆ ಬರಬಾರದು. ನಿಮಗೆ ಗೊತ್ತಿರುವ ಉತ್ತರ, ನಿನ್ನೆ ಪತ್ರಿಕೆಯಲ್ಲಿ ಓದಿದ ಸುದ್ದಿ, ‘ಈ ಮಗು ಬಹುಶಃ ಹೀಗೆ ಹೇಳಲು ಹೊರಟಿತ್ತು’ ಎಂಬ ಊಹೆ, ಯಾವುದೂ ಸಲ್ಲದು. ಮಗುವಿನ ಬಾಯಿಂದ ಬಾರದ ಖಂಡನೆಯನ್ನು ನಿರ್ಣಾಯಕ ತನ್ನ ತಲೆಯಲ್ಲಿ ತಾನೇ ಪೂರೈಸಿದರೆ ಅವನು ಆ ಕ್ಷಣದಿಂದ ಮೂರನೆಯ ಸ್ಪರ್ಧಿ. ಪಕ್ಷಪಾತ ಹೆಚ್ಚಾಗಿ ನುಸುಳುವುದು ಇದೇ ಕಿಂಡಿಯಿಂದ. ಇಷ್ಟವಾದ ಪಕ್ಷದ ಅರೆಬರೆ ಮಾತನ್ನು ಪೂರ್ತಿ ಮಾಡಿಕೊಳ್ಳುತ್ತೇವೆ, ಇಷ್ಟವಾಗದ ಪಕ್ಷದ ಪೂರ್ತಿ ಮಾತಿನಲ್ಲೂ ಸಂದು ಹುಡುಕುತ್ತೇವೆ.

ಆ ದಿನದ ಹಾಳೆಯಲ್ಲಿ ಏನಿತ್ತು

ಪರ ನಿಂತ ಹುಡುಗಿ ಎರಡು ಅಂಶ ಇಟ್ಟಳು. ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ 524.256 ಮೀಟರಿಗೆ ಒಪ್ಪಿಗೆ ನೀಡಿದೆ, ಮೇಲ್ದಂಡೆ ಯೋಜನೆಯ ಮೂರನೇ ಹಂತದ 130 ಟಿಎಂಸಿ ನೀರು ವಿಜಯಪುರ, ಬಾಗಲಕೋಟೆಯ ಒಣ ಹೊಲಗಳಿಗೆ ಮುಟ್ಟಬೇಕಾದರೆ ಎತ್ತರ ಬೇಕು ಎಂಬುದು ಮೊದಲನೆಯದು. ಜಮೀನು ಕಳೆದುಕೊಳ್ಳುವವರಿಗೆ ನೀರಾವರಿ ಭೂಮಿಯಾದರೆ ಎಕರೆಗೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿ ಕೊಡಲು ರಾಜ್ಯ ಸಂಪುಟ 2025ರಲ್ಲಿ ತೀರ್ಮಾನಿಸಿದೆ, ಆದ್ದರಿಂದ ನಷ್ಟಕ್ಕೆ ಪರಿಹಾರವಿದೆ ಎಂಬುದು ಎರಡನೆಯದು. ಎರಡರ ಪಕ್ಕದಲ್ಲೂ ‘ಆ’ ಬಿತ್ತು.

ವಿರೋಧದ ಹುಡುಗ ಎದ್ದು ನಿಂತವನೇ ತನ್ನ ಅಜ್ಜಿಯ ಕಥೆ ಹೇಳಿದ. ಹಳೆ ಮನೆ ಬಿಡುವ ದಿನ ಅಜ್ಜಿ ತಲೆಬಾಗಿಲ ಹೊಸ್ತಿಲನ್ನು ಕಿತ್ತು ಎತ್ತಿನ ಗಾಡಿಯಲ್ಲಿ ಇಟ್ಟುಕೊಂಡು ಬಂದಳಂತೆ, ಹೊಸ ಮನೆಯ ಬಾಗಿಲಿಗೆ ಅದು ಕೂರಲಿಲ್ಲವಂತೆ, ಇಂದಿಗೂ ಹಿತ್ತಲಲ್ಲಿ ಗೋಡೆಗೆ ಒರಗಿಸಿಟ್ಟಿದ್ದಾಳಂತೆ. ಸಭೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಂತಿತ್ತು. ನನ್ನ ಕೆಂಪು ಪೆನ್ನು ನಿಂತುಬಿಟ್ಟಿತು. ನಮ್ಮ ಅವ್ವ ಬೀಸುವ ಕಲ್ಲನ್ನು ಬಿಟ್ಟು ಬರಲಾರೆ ಎಂದು ಹಟ ಹಿಡಿದದ್ದು ನೆನಪಾಯಿತು.

ಇಂಥ ಕಡೆ ಏನು ಮಾಡಬೇಕು? ಕಣ್ಣು ಒದ್ದೆಯಾದರೆ ಆಗಲಿ, ಹಾಳೆಗೆ ಬರೆಯುವುದು ಮಾತ್ರ ಒಂದು ಪ್ರಶ್ನೆಯ ಉತ್ತರ: ಈ ಕಥೆ ಏನನ್ನು ಸಾಧಿಸುತ್ತದೆ? ಸ್ಥಳಾಂತರದಲ್ಲಿ ದುಡ್ಡಿನಿಂದ ತುಂಬದ ನಷ್ಟ ಉಂಟು ಎಂಬುದನ್ನು ಅದು ಸಾಧಿಸುತ್ತದೆ, ಚೆನ್ನಾಗಿಯೇ ಸಾಧಿಸುತ್ತದೆ. ಎಷ್ಟು ಜನರಿಗೆ, ಎಷ್ಟರ ಮಟ್ಟಿಗೆ, ನೀರಿನಿಂದ ಆಗುವ ಲಾಭಕ್ಕಿಂತ ಅದು ಏಕೆ ದೊಡ್ಡದು ಎಂಬುದನ್ನು ಸಾಧಿಸುವುದಿಲ್ಲ. ಆದ್ದರಿಂದ ವಾದದ ಅಂಕದಲ್ಲಿ ಅದಕ್ಕೆ ಪಾಲುಂಟು, ಆಧಾರದ ಅಂಕದಲ್ಲಿ ಒಂದು ಉದಾಹರಣೆಯ ಬೆಲೆ ಮಾತ್ರ. ಅನುಭವದ ಮಾತನ್ನು ‘ಭಾವುಕತೆ’ ಎಂದು ಪೂರ್ತಿ ತಳ್ಳಿಹಾಕುವುದೂ ತಪ್ಪು, ಅದೊಂದರ ಮೇಲೆಯೇ ಗೆಲ್ಲಿಸುವುದೂ ತಪ್ಪು.

ಹುಡುಗ ಆಮೇಲೆ ನಿಜವಾದ ಖಂಡನೆಗೆ ಬಂದ. ‘ಪರಿಹಾರ ಎಕರೆ ಲೆಕ್ಕದಲ್ಲಿ ಎಂದರು. ಎಕರೆಯೇ ಇಲ್ಲದ ಕೂಲಿಯವನಿಗೆ ಯಾವ ಲೆಕ್ಕ?’ ಎಂದು ಕೇಳಿದ. ಇದು ಒಳ್ಳೆಯ ಏಟು. ಎದುರಾಳಿಯ ಅಂಕಿಯನ್ನು ಒಪ್ಪಿಕೊಂಡು, ಅದು ಎಲ್ಲಿ ಸಾಲದು ಎಂದು ತೋರಿಸಿದ. ನಾನು ಖಂಡನೆಯನ್ನು ಅಳೆಯುವುದು ಹೀಗೆಯೇ. ‘ಅದು ಸುಳ್ಳು’ ಎಂದಷ್ಟೇ ಹೇಳಿದರೆ ಅದು ನಿರಾಕರಣೆ, ಅದಕ್ಕೆ ಅಂಕ ಬಹಳ ಕಡಿಮೆ. ಏಕೆ ಸುಳ್ಳು ಎಂದು ಕಾರಣ ಕೊಟ್ಟರೆ ಖಂಡನೆ. ‘ನಿಜವೇ ಇರಲಿ, ಆದರೂ ನಿಮ್ಮ ತೀರ್ಮಾನ ನಿಲ್ಲುವುದಿಲ್ಲ’ ಎಂದು ತೋರಿಸಿದರೆ ಅದಕ್ಕಿಂತ ಮೇಲಿನದು, ಹೈಸ್ಕೂಲು ಮಕ್ಕಳಲ್ಲಿ ಅಪರೂಪ.

ಮುಂದೆ ಅವನು ಇನ್ನೆರಡು ಅಂಶ ಸೇರಿಸಿದ. ಕಬ್ಬಿಗೆ ಹನಿ ನೀರಾವರಿ ಮಾಡಿದರೆ ಇರುವ ನೀರೇ ಸಾಕು ಎಂದ. ಹಿನ್ನೀರಿನಿಂದಲೇ ಸಾಂಗ್ಲಿ ಮುಳುಗುತ್ತದೆ, ‘ಇದು ಎಲ್ಲರಿಗೂ ಗೊತ್ತಿರುವ ಸತ್ಯ’ ಎಂದ. ಎರಡಕ್ಕೂ ‘ಆ’ ಇಲ್ಲ. ‘ಎಲ್ಲರಿಗೂ ಗೊತ್ತು’, ‘ವಿಜ್ಞಾನಿಗಳು ಹೇಳುತ್ತಾರೆ’, ‘ಒಂದು ವರದಿಯ ಪ್ರಕಾರ’ ಇವೆಲ್ಲ ಆಧಾರದ ವೇಷ ಹಾಕಿದ ಬರಿಯ ಹೇಳಿಕೆಗಳು. ಯಾರು ಹೇಳಿದರು, ಯಾವಾಗ ಹೇಳಿದರು, ಅದು ಈ ವಿಷಯಕ್ಕೆ ಹೇಗೆ ಅನ್ವಯಿಸುತ್ತದೆ, ಈ ಮೂರೂ ಇದ್ದರೆ ಪೂರ್ಣ ಆಧಾರ. ಮೂರನೆಯದನ್ನು ಮಕ್ಕಳು ಮಾತ್ರವಲ್ಲ, ನಿರ್ಣಾಯಕರೂ ಮರೆಯುತ್ತಾರೆ. ಅಂಕಿ ಕಿವಿಗೆ ಬಿದ್ದ ಕೂಡಲೇ ತಲೆದೂಗುತ್ತಾರೆ.

ಐದು ಅಡಿಯ ಪೇಚು

ಅವನ ಮಾತಿನ ಕೊನೆಯಲ್ಲಿ ಒಂದು ಎಡವಟ್ಟಾಯಿತು. ‘519ರಿಂದ 524ಕ್ಕೆ ಎಂದರೆ ಬರೀ ಐದು ಅಡಿ. ಐದು ಅಡಿಯಲ್ಲಿ ನಿಲ್ಲುವ ನೀರೆಷ್ಟು? ಇಷ್ಟಕ್ಕಾಗಿ ಇಪ್ಪತ್ತು ಹಳ್ಳಿ ಬೇಕೇ?’ ಎಂದ. ಅದು ಅಡಿಯಲ್ಲ, ಮೀಟರ್. ನನಗೆ ಗೊತ್ತು, ಹಿಂದಿನ ಬೆಂಚಿನಲ್ಲಿ ಕೂತಿದ್ದ ಗಣಿತ ಮೇಷ್ಟ್ರಿಗೂ ಗೊತ್ತು. ಎದುರಾಳಿ ಹುಡುಗಿಗೆ ಹೊಳೆಯಲಿಲ್ಲ.

ಎದುರಾಳಿ ಹಿಡಿಯದ ತಪ್ಪಿಗೆ ನಿರ್ಣಾಯಕ ಅಂಕ ಕಡಿಯಬಹುದೇ? ನಾನು ಮೊದಲು ನೋಡುವುದು, ಆ ತಪ್ಪಿನ ಮೇಲೆ ವಾದ ನಿಂತಿದೆಯೇ ಎಂದು. ಬಾಯಿತಪ್ಪಿ ಮೀಟರ್ ಅಡಿಯಾಗಿ, ವಾದಕ್ಕೆ ಅದರಿಂದ ಏನೂ ಆಗದಿದ್ದರೆ ಬಿಟ್ಟುಬಿಡುತ್ತೇನೆ. ಇಲ್ಲಿ ‘ನೀರು ಸ್ವಲ್ಪವೇ’ ಎಂಬ ಅಂಶ ಪೂರ್ತಿ ನಿಂತದ್ದೇ ಐದು ಅಡಿಯ ಮೇಲೆ. ಇನ್ನೊಂದು ಪ್ರಶ್ನೆ: ಇದು ಸಾಮಾನ್ಯ ತಿಳಿವಳಿಕೆಯ ಕೇಳುಗನಿಗೂ ಗೊತ್ತಾಗುವ ತಪ್ಪೇ, ನನ್ನ ವಿಶೇಷ ಓದಿನಿಂದ ಮಾತ್ರ ತಿಳಿಯುವಂಥದ್ದೇ? ವಿಷಯದಲ್ಲೇ ‘ಮೀಟರ್’ ಎಂದು ಹಲಗೆಯ ಮೇಲೆ ಬರೆದಿರುವಾಗ ಇದು ಮೊದಲನೆಯದು. ಆದ್ದರಿಂದ ಅವನ ಆಧಾರದ ಅಂಕದಲ್ಲಿ ಕಡಿದೆ. ಆದರೆ ಹುಡುಗಿಯ ಖಂಡನೆಗೆ ಒಂದು ಅಂಕವನ್ನೂ ಸೇರಿಸಲಿಲ್ಲ. ಹಿಡಿದವಳು ಅವಳಲ್ಲ.

ನ್ಯಾಯಮಂಡಳಿಯ ತೀರ್ಪು ಇನ್ನೂ ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾಗಿಲ್ಲ ಎಂಬ ಮಾತು ಹುಡುಗಿಯ ಮೊದಲ ಅಂಶಕ್ಕೆ ದೊಡ್ಡ ಖಂಡನೆಯಾಗಬಹುದಿತ್ತು. ಹುಡುಗ ಹೇಳಲಿಲ್ಲ. ನನಗೆ ನಾಲಿಗೆಯ ತುದಿಯಲ್ಲಿತ್ತು, ಹಾಳೆಯ ಮೇಲೆ ಬರಲಿಲ್ಲ.

ಮರುಮಾತು

ವಿರೋಧದ ಮರುಮಾತಿನಲ್ಲಿ ಹುಡುಗ ಅಜ್ಜಿಯನ್ನು ಮತ್ತೆ ನೆನೆದ, ಕೂಲಿಯವರ ಪ್ರಶ್ನೆಯನ್ನು ಮತ್ತೆ ಕೇಳಿದ, ಆಮೇಲೆ ತೆಲಂಗಾಣದ ಆಕ್ಷೇಪ ಎಂದು ಹೊಸ ವಾದ ತೆಗೆದ. ಮರುಮಾತಿನಲ್ಲಿ ಹೊಸ ವಾದ ಲೆಕ್ಕಕ್ಕಿಲ್ಲ ಎಂದು ಮೊದಲೇ ಸಾರಿದ್ದೆವು. ಅದನ್ನು ಬರೆದುಕೊಂಡು ಗೀಟು ಹಾಕಿದೆ.

ಹುಡುಗಿ ಕೊನೆಗೆ ಎದ್ದು, 2019ರ ಪ್ರವಾಹದ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ ವಡ್ನೆರೆ ಸಮಿತಿ ಸಾಂಗ್ಲಿಯ ನೆರೆಗೆ ಆಲಮಟ್ಟಿಯ ಹಿನ್ನೀರು ಕಾರಣವಲ್ಲ ಎಂದಿದೆ ಎಂದಳು. ನನ್ನ ಪಕ್ಕದ ನಿರ್ಣಾಯಕರು ‘ಇದು ಹೊಸದಲ್ಲವೇ ಸರ್’ ಎಂದು ಪಿಸುಗುಟ್ಟಿದರು. ಹೊಸ ವಾದ ಬೇರೆ, ಹಳೆಯ ವಾದಕ್ಕೆ ಉತ್ತರವಾಗಿ ಬಂದ ಹೊಸ ಆಧಾರ ಬೇರೆ. ಸಾಂಗ್ಲಿಯ ಮಾತು ಎತ್ತಿದವನು ಹುಡುಗ, ಅವಳು ಉತ್ತರಿಸಿದಳು. ಅದು ಸಲ್ಲುತ್ತದೆ. ಹನಿ ನೀರಾವರಿಗೆ ಅವಳ ಉತ್ತರ, ಉಳಿಸಿದ ನೀರನ್ನೂ ಬೇಸಿಗೆಗೆ ನಿಲ್ಲಿಸಲು ಜಾಗ ಬೇಕು ಎಂಬುದು. ಪೂರ್ಣವಲ್ಲ, ಆದರೆ ಉತ್ತರವೇ. ಕೂಲಿಯವರ ಪ್ರಶ್ನೆಗೆ ಮಾತ್ರ ಕೊನೆಯ ಮಾತು ಕೈಯಲ್ಲಿದ್ದರೂ ಏನೂ ಹೇಳಲಿಲ್ಲ. ಆ ಅಂಶಕ್ಕೆ ಕೆಂಪಿನಲ್ಲಿ ಸುತ್ತು ಬಿತ್ತು. ಮುಗಿಸುವ ಮುನ್ನ ಅವಳು ಆಡಿದ ಒಂದು ವಾಕ್ಯ: ‘ನಷ್ಟ ಒಂದು ತಲೆಮಾರಿನದು, ನೀರು ಮುಂದಿನ ಎಲ್ಲ ತಲೆಮಾರುಗಳದು, ಆದ್ದರಿಂದ ನೀರನ್ನು ಆರಿಸುತ್ತೇನೆ.’ ಇದನ್ನು ನಾನು ಒಪ್ಪುವುದಿಲ್ಲ. ಆದರೆ ಎರಡೂ ಕಡೆಯ ಭಾರವನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದು ಇಡೀ ಚರ್ಚೆಯಲ್ಲಿ ಇದೊಂದೇ ವಾಕ್ಯ. ಹುಡುಗ ತೂಗಲೇ ಇಲ್ಲ.

ಅಂಕ

ಚಪ್ಪಾಳೆ ನಿಲ್ಲುವ ಮುಂಚೆ, ಪಕ್ಕದವರ ಜೊತೆ ಒಂದು ಮಾತೂ ಆಡದೆ ಅಂಕ ಬರೆಯಬೇಕು. ವಾದಕ್ಕೆ ಹುಡುಗಿಗೆ 30, ಹುಡುಗನಿಗೆ 29. ಖಂಡನೆಗೆ 20 ಮತ್ತು 21, ಕೂಲಿಯವರ ಪ್ರಶ್ನೆಯ ಬಲದಿಂದ. ಆಧಾರಕ್ಕೆ 16 ಮತ್ತು 11. ಭಾಷೆಗೆ 7 ಮತ್ತು 9, ಅವನು ನಿಜಕ್ಕೂ ಚೆನ್ನಾಗಿ ಮಾತನಾಡಿದ. ಕೂಡಿಸಿದರೆ 73 ಮತ್ತು 70.

ಸಹಿ ಹಾಕುವ ಮುನ್ನ ಪಕ್ಷ ಬದಲಿಸಿ ನೋಡುತ್ತೇನೆ. ಇದೇ ಹುಡುಗ ಇದೇ ಮಟ್ಟದ ಆಧಾರದೊಂದಿಗೆ ಏರಿಸಬೇಕು ಎಂದು ವಾದಿಸಿದ್ದರೆ, ಒಣಬೇಸಾಯ ಬಿಟ್ಟು ಗುಳೆ ಹೋದ ಅಜ್ಜಿಯ ಕಥೆ ಹೇಳಿದ್ದರೆ, ವಾದಕ್ಕೆ 29 ಕೊಡುತ್ತಿದ್ದೆನೇ? ಯೋಚಿಸಿದೆ. 27 ಎಂದಿತು ಮನಸ್ಸು. ಹಾಗಾದರೆ ಈ 29ರಲ್ಲಿ ಎರಡು ಅಂಕ ನಮ್ಮ ಅವ್ವನ ಬೀಸುವ ಕಲ್ಲಿನದು. ಹೊಡೆದು 27 ಮಾಡಿದೆ, ಒಟ್ಟು 68. ತಿದ್ದಿದ ಕಡೆ ಸಣ್ಣ ಸಹಿ ಹಾಕುವುದನ್ನು ಮರೆಯಬೇಡಿ, ಆಮೇಲೆ ಯಾರಾದರೂ ಕೇಳುತ್ತಾರೆ.

ಮೂವರು ನಿರ್ಣಾಯಕರಿದ್ದರೆ ಒಟ್ಟು ಅಂಕ ಕೂಡಿಸುವ ರೂಢಿಯ ಬಗ್ಗೆ ಎಚ್ಚರವಿರಲಿ. ಒಬ್ಬ ಸ್ಪರ್ಧಿಗೆ 78, 77, 52 ಬಂದು ಇನ್ನೊಬ್ಬರಿಗೆ 74, 73, 70 ಬಂದಿತೆನ್ನಿ. ಮೊದಲನೆಯವರ ಮೊತ್ತ 207, ಎರಡನೆಯವರದು 217. ಇಬ್ಬರು ನಿರ್ಣಾಯಕರು ಮೊದಲ ಸ್ಥಾನ ಕೊಟ್ಟ ಮಗು ಸೋತಿತು, ಒಬ್ಬರೇ 52 ಹಾಕಿ ಎಲ್ಲರ ತೀರ್ಪನ್ನೂ ತಿರುಗಿಸಿದರು. ಅಂಕದ ಬದಲು ಸ್ಥಾನ ಕೂಡಿಸಿ: ಮೊದಲನೆಯವರಿಗೆ 1, 1, 2 ಸೇರಿ 4, ಎರಡನೆಯವರಿಗೆ 2, 2, 1 ಸೇರಿ 5. ಕಡಿಮೆ ಮೊತ್ತದವರು ಗೆದ್ದರು. ಇಬ್ಬರಿಗಿಂತ ಹೆಚ್ಚು ಸ್ಪರ್ಧಿಗಳಿದ್ದು ಸ್ಥಾನದ ಮೊತ್ತ ಸಮವಾದರೆ ಮಾತ್ರ ಅಂಕ ನೋಡಿ.

ಫಲಿತಾಂಶ ಹೇಳುವಾಗ

ತೀರ್ಪು ಹೇಳುವಾಗ ವಿಷಯದ ಬಗ್ಗೆ ಒಂದು ಪದವೂ ಬೇಡ. ‘ಎತ್ತರ ಏರಿಸುವುದು ಸರಿ ಎಂದು ಸಾಬೀತಾಯಿತು’ ಎಂದು ನಿರ್ಣಾಯಕರೊಬ್ಬರು ಮೈಕಿನಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಸಾಬೀತಾದದ್ದು ಅದಲ್ಲ. ಆ ಮಧ್ಯಾಹ್ನ ಒಂದು ಮಗು ಇನ್ನೊಂದಕ್ಕಿಂತ ಚೆನ್ನಾಗಿ ವಾದಿಸಿತು, ಅಷ್ಟೇ. ನಾನು ಹೇಳಿದ್ದು ಮೂರು ವಾಕ್ಯ: ಸಾಂಗ್ಲಿಯ ಅಂಶಕ್ಕೆ ಹೆಸರಿರುವ ಆಧಾರದಿಂದ ಉತ್ತರ ಬಂತು, ಕೂಲಿಯವರ ಅಂಶಕ್ಕೆ ಉತ್ತರ ಬರಲೇ ಇಲ್ಲ, ಎರಡನ್ನೂ ತೂಗಿ ನೋಡಿದವಳು ಪರದವಳು.

ಸಭೆ ಮುಗಿದ ಮೇಲೆ ಹುಡುಗ ಹತ್ತಿರ ಬಂದ. ಮುಖ ಸಣ್ಣದಾಗಿತ್ತು. ‘ಸರ್, ನೀವೂ ಮುಳುಗಡೆಯವರಂತೆ’ ಎಂದ. ಹೌದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ನಾನು ನಾಲ್ಕು ಕಂಬಗಳ ಹಾಳೆ ತೆಗೆದು ‘ಐದು ಅಡಿ’ ಎಂದು ಬರೆದಿದ್ದ ಜಾಗದ ಮೇಲೆ ಬೆರಳಿಟ್ಟೆ. ಅವನು ಹಲಗೆಯ ಕಡೆ ತಿರುಗಿ ನೋಡಿ ನಾಲಿಗೆ ಕಚ್ಚಿಕೊಂಡ. ನನ್ನ ಪೆನ್ನನ್ನೇ ತೆಗೆದುಕೊಂಡು 4.656 ಮೀಟರನ್ನು 3.28ರಿಂದ ಗುಣಿಸಿದ. ಹದಿನೈದು ಅಡಿಗೂ ಮೇಲೆ ಬಂತು.

‘ಸರ್, ಹದಿನೈದು ಅಡಿ ನೀರು ಊರೊಳಗೆ ಬರುತ್ತದೆ ಎಂದು ಹೇಳಿದ್ದರೆ ಅದು ನನ್ನ ಕಡೆಗೇ ಆಗುತ್ತಿತ್ತಲ್ಲ?’ ಎಂದ.

‘ಆಗುತ್ತಿತ್ತು’ ಎಂದೆ. ‘ಊರೊಳಗೆ ಎಲ್ಲೆಡೆ ಅಷ್ಟೇ ನಿಲ್ಲುವುದಿಲ್ಲ, ಅದನ್ನು ಎದುರಿನವರು ಕೇಳುತ್ತಿದ್ದರು. ಅದಕ್ಕೂ ಉತ್ತರ ಇಟ್ಟುಕೊಂಡು ಬಾ.’